ಹತ್ತು ಚೀಲ ಕಂಡಾಗ ಫೋನ್ ಮಾಡಬೇಕು: ಒಂದು ಅಂಗಡಿಯ ಸ್ಟಾಕ್ ಲೆಕ್ಕ

ತೀರ್ಥಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನದೊಂದು ಅಂಗಡಿ ಇದೆ. ಅಡಿಕೆ ತೋಟಕ್ಕೆ ಬೇಕಾದ ಸಾಮಾನು ಮಾರುತ್ತಾರೆ. ನಾನು ಶಿವಮೊಗ್ಗದಲ್ಲಿ ಅಕೌಂಟ್ಸ್ ಕೆಲಸ ಮಾಡುವವನು, ಬಿಡುವಿದ್ದ ಭಾನುವಾರ ಹೋಗಿ ಅವರ ಪುಸ್ತಕ ನೋಡಿಕೊಡುತ್ತೇನೆ. ಎರಡು ವರ್ಷದ ಹಿಂದೆ ಜೂನ್ ತಿಂಗಳಲ್ಲಿ ಆ ಅಂಗಡಿಯಲ್ಲಿ ಟಾರ್ಪಾಲ್ ಅಟ್ಟದ ತನಕ ಪೇರಿಸಿತ್ತು, ಆದರೆ ಮಳೆಗಾಲದಲ್ಲಿ ಅಡಿಕೆಗೆ ಹೊಡೆಯುವ ಔಷಧಿಗೆ ಬೇಕಾದ ಮೈಲುತುತ್ತ ಒಂದು ಕಿಲೋ ಕೂಡ ಇರಲಿಲ್ಲ. ಜೂನ್ ತಿಂಗಳಲ್ಲಿ, ಮಲೆನಾಡಿನಲ್ಲಿ, ಮೈಲುತುತ್ತ ಇಲ್ಲದ ಅಂಗಡಿ! ತಪ್ಪು ಚಿಕ್ಕಪ್ಪನದಲ್ಲ. ಎಷ್ಟು ಉಳಿದಾಗ ಆರ್ಡರ್ ಮಾಡಬೇಕು ಅಂತ ಲೆಕ್ಕ ಹಾಕಿ ಕೊಟ್ಟವನು ನಾನೇ. ಸೂತ್ರ ಸರಿಯಿತ್ತು. ಅದಕ್ಕೆ ತುಂಬಿದ ಅಂಕಿ ತಪ್ಪಾಗಿತ್ತು.

ಆ ಲೆಕ್ಕವನ್ನೇ ಇಲ್ಲಿ ಬಿಡಿಸಿ ಇಡುತ್ತೇನೆ. ಅಂಗಡಿಯಲ್ಲಿ ನೂರಾರು ಬಗೆಯ ಸಾಮಾನಿದೆ, ನಾನು ಹತ್ತನ್ನು ಮಾತ್ರ ತೆಗೆದುಕೊಂಡಿದ್ದೇನೆ. ಬೆಲೆ ಮತ್ತು ಪ್ರಮಾಣವನ್ನು ಲೆಕ್ಕ ಸಲೀಸಾಗಲಿ ಅಂತ ಸುತ್ತಂಕಿ ಮಾಡಿದ್ದೇನೆ, ಇವತ್ತಿನ ಮಾರ್ಕೆಟ್ ರೇಟ್ ಅಂತ ಓದಬೇಡಿ.

ಮೊದಲ ಪ್ರಶ್ನೆ: ಯಾವ ಸಾಮಾನಿನ ಮೇಲೆ ಕಣ್ಣಿಡಬೇಕು? ಎಲ್ಲದರ ಮೇಲೂ ಒಂದೇ ಸಮ ನಿಗಾ ಇಡೋಕೆ ಆಗಲ್ಲ. ವಾಷರ್ ಎಣಿಸುತ್ತಾ ಕೂತರೆ ಗಿರಾಕಿಯನ್ನು ನೋಡುವವರು ಯಾರು? ಇದಕ್ಕೆ 1951ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯ ಎಚ್. ಫೋರ್ಡ್ ಡಿಕಿ ಎಂಬವರು ಒಂದು ದಾರಿ ಬರೆದಿಟ್ಟರು. ವರ್ಷಕ್ಕೆ ಯಾವ ಸಾಮಾನಿನಲ್ಲಿ ಎಷ್ಟು ದುಡ್ಡು ಓಡಾಡುತ್ತದೆ ಎಂದು ನೋಡಿ, ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಎ, ಬಿ, ಸಿ ಎಂದು ಮೂರು ಪಾಲು ಮಾಡುವುದು. ಅದಕ್ಕೇ ಎಬಿಸಿ ವಿಂಗಡಣೆ ಎಂಬ ಹೆಸರು.

ವರ್ಷದ ಪ್ರಮಾಣವನ್ನು ಕೊಂಡ ಬೆಲೆಯಿಂದ ಗುಣಿಸಿದರೆ ವರ್ಷದ ಮೌಲ್ಯ ಸಿಗುತ್ತದೆ. ಮಾರುವ ಬೆಲೆ ಬೇಡ, ಲಾಭವೂ ಬೇಡ. ನಮ್ಮ ದುಡ್ಡು ಎಲ್ಲಿ ಕೂತಿದೆ ಅನ್ನುವುದಷ್ಟೇ ಇಲ್ಲಿನ ಪ್ರಶ್ನೆ. ಕೊನೆಯ ಕಾಲಮ್ಮಿನಲ್ಲಿ ಮೇಲಿನಿಂದ ಅಲ್ಲಿಯವರೆಗೆ ಕೂಡಿಸಿದರೆ ಒಟ್ಟು ಮೌಲ್ಯದಲ್ಲಿ ಶೇಕಡಾ ಎಷ್ಟಾಯಿತು ಎಂದು ಬರೆದಿದ್ದೇನೆ.

| ಸಾಮಾನು | ವರ್ಷಕ್ಕೆ | ಕೊಂಡ ಬೆಲೆ (ರೂ.) | ವರ್ಷದ ಮೌಲ್ಯ (ರೂ.) | ಕೂಡಿಸಿದ ಶೇಕಡಾ |
|---|---|---|---|---|
| ಮೈಲುತುತ್ತ | 2,400 ಕಿಲೋ | 250 | 6,00,000 | 50.0 |
| ಟಾರ್ಪಾಲ್ | 150 | 1,600 | 2,40,000 | 70.0 |
| ಪಿವಿಸಿ ಪೈಪ್ | 300 | 400 | 1,20,000 | 80.0 |
| ಸ್ಪ್ರೇಯರ್ ಹೋಸ್ ಸುರುಳಿ | 20 | 4,000 | 80,000 | 86.7 |
| ಸುಣ್ಣ | 3,000 ಕಿಲೋ | 20 | 60,000 | 91.7 |
| ಕಳೆ ಯಂತ್ರದ ನೈಲಾನ್ ದಾರ | 120 | 300 | 36,000 | 94.7 |
| ಔಷಧಿಗೆ ಬೆರೆಸುವ ಅಂಟು | 80 ಲೀಟರ್ | 350 | 28,000 | 97.0 |
| ಕೊನೆ ಕೊಯ್ಯುವ ಕತ್ತಿ | 40 | 450 | 18,000 | 98.5 |
| ಸ್ಪ್ರೇಯರ್ ನಾಜಲ್ | 100 | 120 | 12,000 | 99.5 |
| ಸ್ಪ್ರೇಯರ್ ವಾಷರ್ ಸೆಟ್ | 240 | 25 | 6,000 | 100.0 |

ಒಟ್ಟು 12 ಲಕ್ಷ. ಅದರಲ್ಲಿ ಅರ್ಧ ಮೈಲುತುತ್ತವೇ. ಅದಕ್ಕೆ ಟಾರ್ಪಾಲ್ ಸೇರಿಸಿದರೆ ಶೇ. 70. ಅಂದರೆ ಹತ್ತರಲ್ಲಿ ಎರಡು ಸಾಮಾನು ನೂರಕ್ಕೆ ಎಪ್ಪತ್ತು ರೂಪಾಯಿಯನ್ನು ಹಿಡಿದು ಕೂತಿವೆ. ಇವೆರಡು ಎ. ಕೆಳಗಿನ ಐದು ಸಾಮಾನು ಸೇರಿದರೂ ಒಂದು ಲಕ್ಷ ಮಾತ್ರ. ಅವು ಸಿ. ನಡುವಿನ ಮೂರು ಬಿ.

ಹೋಸ್ ಸುರುಳಿಯನ್ನು ಗಮನಿಸಿ. ಪಟ್ಟಿಯಲ್ಲಿ ಒಂದೊಂದಾಗಿ ನೋಡಿದರೆ ಅದೇ ಎಲ್ಲಕ್ಕಿಂತ ದುಬಾರಿ, ಒಂದಕ್ಕೆ 4,000 ರೂಪಾಯಿ. ಆದರೂ ಬಿ. ವರ್ಷಕ್ಕೆ ಇಪ್ಪತ್ತೇ ಹೋಗುತ್ತದೆ. ಕಿಲೋಗೆ 250 ರೂಪಾಯಿಯ ಮೈಲುತುತ್ತ ಎ. ಬಹಳ ಜನ ಇಲ್ಲೇ ಎಡವುತ್ತಾರೆ. ಬಿಡಿ ಬೆಲೆ ನೋಡಿ ದುಬಾರಿಯದನ್ನು ಬೀಗ ಹಾಕಿ ಇಡುತ್ತಾರೆ, ದುಡ್ಡು ಹರಿದುಹೋಗುವ ಚೀಲ ಬಾಗಿಲ ಬಳಿ ಬಿದ್ದಿರುತ್ತದೆ.

ಇನ್ನು ಸುಣ್ಣ. ಸಾಮಾನ್ಯವಾಗಿ ಶೇ. 70ರ ತನಕ ಎ, 90ರ ತನಕ ಬಿ, ಉಳಿದದ್ದು ಸಿ ಎಂದು ಗೆರೆ ಎಳೆಯುತ್ತಾರೆ. 90ರ ಗೆರೆ ಸರಿಯಾಗಿ ಸುಣ್ಣದ ಚೀಲದ ಮೇಲೇ ಹಾದುಹೋಗುತ್ತದೆ. ಮೇಲೆ ಹಾಕಬೇಕೋ ಕೆಳಗೆ ಹಾಕಬೇಕೋ? ಈ ಗೆರೆಗಳು ಯಾವ ಶಾಸನವೂ ಅಲ್ಲ, ನಮ್ಮ ಅನುಕೂಲಕ್ಕೆ ಎಳೆದುಕೊಂಡಿದ್ದು. ನಾನು ಸುಣ್ಣವನ್ನು ಬಿ ಗುಂಪಿಗೆ ಹಾಕಿದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೇಕು. ಸುಣ್ಣ ಇಲ್ಲ ಅಂದರೆ ಗಿರಾಕಿ ಮೈಲುತುತ್ತವನ್ನೂ ಬೇರೆ ಕಡೆಯೇ ಕೊಳ್ಳುತ್ತಾನೆ. ಪಟ್ಟಿಗೆ ಈ ಸಂಬಂಧ ಗೊತ್ತಿಲ್ಲ. ಅಂಗಡಿಯವರಿಗೆ ಗೊತ್ತು.

ವಾಷರಿನ ಕತೆಯೂ ಹಾಗೇ. ಅದು ಪಟ್ಟಿಯ ತಳದಲ್ಲಿದೆ, ಇಡೀ ವರ್ಷಕ್ಕೆ ಆರು ಸಾವಿರ. ಆದರೆ ಮರ ಹತ್ತುವವರು ಬಂದು, ಡ್ರಮ್ಮಿನಲ್ಲಿ ಔಷಧಿ ಕಲಸಿಟ್ಟು, ಸ್ಪ್ರೇಯರ್ ಒತ್ತಡ ಹಿಡಿಯುತ್ತಿಲ್ಲ ಅಂದರೆ ಆ 25 ರೂಪಾಯಿಯ ವಾಷರಿಗೆ ಇಡೀ ತೋಟದ ಕೆಲಸ ನಿಲ್ಲುತ್ತದೆ. ಕಲಸಿದ ಬೋರ್ಡೋ ಅವತ್ತೇ ಹೊಡೆದು ಮುಗಿಸಬೇಕಾದದ್ದು. ಹಾಗಾಗಿ ಸಿ ಅಂದರೆ ಬೇಡದ್ದು ಅಂತಲ್ಲ. ಅದರ ಲೆಕ್ಕಕ್ಕೆ ಹೆಚ್ಚು ಹೊತ್ತು ಕಳೆಯಬೇಡ, ಧಾರಾಳವಾಗಿ ತಂದಿಡು, ಅಷ್ಟೆ. ಅರವತ್ತು ಸೆಟ್ ಹೆಚ್ಚಿಗೆ ಇಟ್ಟರೂ 1,500 ರೂಪಾಯಿ. ಚಿಕ್ಕಪ್ಪ ವಾಷರ್ ಎಣಿಸುವುದಿಲ್ಲ. ಎರಡು ಡಬ್ಬಿ ಇಟ್ಟಿದ್ದಾರೆ. ಮುಂದಿನ ಡಬ್ಬಿ ಖಾಲಿಯಾಗಿ ಹಿಂದಿನದಕ್ಕೆ ಕೈ ಹಾಕಿದ ದಿನ ಚೀಟಿಯಲ್ಲಿ 'ವಾಷರ್' ಎಂದು ಬರೆಯುತ್ತಾರೆ. ಹಿಂದಿನ ಡಬ್ಬಿಯೇ ಅವರ ರೀಆರ್ಡರ್ ಲೆವೆಲ್, ಅಂದರೆ ಆರ್ಡರ್ ಮಾಡಲೇಬೇಕಾದ ಮಟ್ಟ. ಹೆಸರು ಗೊತ್ತಿಲ್ಲದೇ ಮೂವತ್ತು ವರ್ಷದಿಂದ ಇದನ್ನೇ ಮಾಡುತ್ತಿದ್ದಾರೆ.

ಮೈಲುತುತ್ತಕ್ಕೆ ಎರಡು ಡಬ್ಬಿ ಸಾಲದು. ಧಾರಾಳವಾಗಿ ಇಟ್ಟರೆ ದುಡ್ಡು ಕಟ್ಟಿಬೀಳುತ್ತದೆ, ಬಿಗಿಯಾಗಿ ಇಟ್ಟರೆ ಜೂನಿನಲ್ಲಿ ಕೈ ಬೀಸಿಕೊಂಡು ನಿಲ್ಲಬೇಕು. ಇಲ್ಲಿ ಲೆಕ್ಕ ಬೇಕು.

ಲೆಕ್ಕದ ತಿರುಳು ಸರಳ. ಇವತ್ತು ಫೋನ್ ಮಾಡಿದರೆ ಮಾಲು ಇಷ್ಟು ದಿನಕ್ಕೆ ಬರುತ್ತದೆ ಅಂತಿದೆಯಲ್ಲ, ಅದು ಲೀಡ್ ಟೈಮ್. ಅಷ್ಟು ದಿನ ಮಾರುವಷ್ಟು ಮಾಲು ಫೋನ್ ಮಾಡುವ ಹೊತ್ತಿಗೆ ಕೈಯಲ್ಲಿರಬೇಕು. ಮಾರಾಟ ಹೆಚ್ಚಾದರೆ ಅಥವಾ ಲಾರಿ ತಡವಾದರೆ ಅಂತ ಅದರ ಮೇಲೆ ಸ್ವಲ್ಪ ಇಡಬೇಕು. ಆ ಸ್ವಲ್ಪವೇ ಸೇಫ್ಟಿ ಸ್ಟಾಕ್. ಎರಡೂ ಕೂಡಿದರೆ ರೀಆರ್ಡರ್ ಲೆವೆಲ್. ಇದು ಯಾವಾಗ ತರಿಸಬೇಕು ಎಂದು ಹೇಳುತ್ತದೆ. ಎಷ್ಟು ತರಿಸಬೇಕು ಅನ್ನುವುದು ಬೇರೆಯೇ ಲೆಕ್ಕ, ಅದನ್ನು ಇಲ್ಲಿ ಎಳೆದು ತರುವುದಿಲ್ಲ. ಚಿಕ್ಕಪ್ಪ ಸಲಕ್ಕೆ 300 ಕಿಲೋ ತರಿಸುತ್ತಾರೆ, ಅಷ್ಟು ಸಾಕು.

ನಾನು ಮಾಡಿದ ತಪ್ಪು ಈಗ ನೋಡಿ. ವರ್ಷಕ್ಕೆ 2,400 ಕಿಲೋ. ಅಂಗಡಿ ತೆರೆಯುವುದು ಸುಮಾರು 300 ದಿನ. ದಿನಕ್ಕೆ 8 ಕಿಲೋ ಆಯಿತು. ಮಂಗಳೂರಿನಿಂದ ಮಾಲು ಬರೋಕೆ 5 ದಿನ. 8ನ್ನು 5ರಿಂದ ಗುಣಿಸಿದರೆ 40. ಎರಡು ದಿನದ ಮಾರಾಟ, ಅಂದರೆ 16 ಕಿಲೋ, ಸೇಫ್ಟಿ ಸ್ಟಾಕ್. ಒಟ್ಟು 56 ಕಿಲೋ. "56 ಕಿಲೋಗೆ ಬಂದಾಗ ಫೋನ್ ಮಾಡಿ ಚಿಕ್ಕಪ್ಪ" ಎಂದು ಬರೆದು ಕೊಟ್ಟು ಬಂದೆ.

ಮೈಲುತುತ್ತ ಹಾಗೆ ದಿನಾ 8 ಕಿಲೋ ಮಾರುವ ಸಾಮಾನಲ್ಲ. ಮಳೆ ಹಿಡಿಯುವ ಮುಂಚೆ ಮೊದಲ ಔಷಧಿ, 40-45 ದಿನ ಬಿಟ್ಟು ಎರಡನೆಯದು, ಮಳೆ ಬಿಡದಿದ್ದರೆ ಮೂರನೆಯದೂ ಉಂಟು. ಜೂನ್, ಜುಲೈ, ಆಗಸ್ಟ್ ಮೂರು ತಿಂಗಳ 75 ವ್ಯಾಪಾರದ ದಿನಗಳಲ್ಲೇ 1,800 ಕಿಲೋ ಹೋಗುತ್ತದೆ, ದಿನಕ್ಕೆ 24 ಕಿಲೋ. ಉಳಿದ 225 ದಿನಕ್ಕೆ 600 ಕಿಲೋ, ದಿನಕ್ಕೆ ಮೂರು ಕಿಲೋ ಕೂಡ ಇಲ್ಲ. ನನ್ನ 8 ಕಿಲೋ ಅನ್ನುವ ಸರಾಸರಿ ವರ್ಷದ ಯಾವ ದಿನಕ್ಕೂ ಹೊಂದುವುದಿಲ್ಲ. ಜೂನಿನಲ್ಲಿ 56 ಕಿಲೋ ಎರಡೂಕಾಲು ದಿನಕ್ಕೆ ಮುಗಿಯಿತು. ಲಾರಿ ಬಂದಿದ್ದು ಐದನೇ ದಿನಕ್ಕೆ. ಆ ಐದು ದಿನಕ್ಕೆ ಬೇಕಿದ್ದದ್ದು 120, ಇದ್ದದ್ದು 56. ಕೊರತೆ 64 ಕಿಲೋ. ಆ ಗಿರಾಕಿಗಳು ಸುಣ್ಣವನ್ನೂ ವಾಷರನ್ನೂ ಪಕ್ಕದ ಅಂಗಡಿಯಲ್ಲೇ ಕೊಂಡರು. "ನಿನ್ನ ಕಂಪ್ಯೂಟರಿಗೆ ಮಳೆಗಾಲ ಯಾವಾಗ ಅಂತ ಗೊತ್ತಿಲ್ವಾ ಮಾರಾಯ?" ಅಂತ ಚಿಕ್ಕಪ್ಪ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಹಾಗಾಗಿ ಸೀಸನ್ನಿನ ಸಾಮಾನಿಗೆ ಒಂದೇ ರೀಆರ್ಡರ್ ಲೆವೆಲ್ ಇರಬಾರದು. ಮಳೆಗಾಲಕ್ಕೆ ಒಂದು, ಉಳಿದ ದಿನಕ್ಕೆ ಒಂದು. ಉಳಿದ ದಿನದ್ದು ಸುಲಭ: ದಿನಕ್ಕೆ 2.67 ಕಿಲೋ, ಲಾರಿ ತೀರಾ ತಡವಾಗಿ ಎಂಟು ದಿನಕ್ಕೆ ಬಂದರೂ 21 ಕಿಲೋ ಸಾಕು. ಒಂದು 25 ಕಿಲೋ ಚೀಲ ಉಳಿದಾಗ ಆರ್ಡರ್ ಮಾಡಿದರಾಯಿತು. ಮಳೆಗಾಲದ್ದಕ್ಕೆ ಸೇಫ್ಟಿ ಸ್ಟಾಕನ್ನು ಸರಿಯಾಗಿ ಹಾಕಬೇಕು.

ಅದಕ್ಕೆ ಎರಡು ಬಗೆಯ ಅಂಕಿ ಬೇಕು. ಒಂದು, ದಿನದ ಮಾರಾಟ ಎಷ್ಟು ಏರಿಳಿಯುತ್ತದೆ. ಮಾರಾಟದ ಪುಸ್ತಕದಿಂದ ಜೂನಿನ ಹತ್ತು ದಿನ ತೆಗೆದೆ: 20, 12, 16, 40, 32, 28, 24, 24, 20, 24 ಕಿಲೋ. ಸರಾಸರಿ 24. ಇನ್ನೊಂದು, ಲಾರಿ ಎಷ್ಟು ಏರುಪೇರು ಮಾಡುತ್ತದೆ. ಆ ಸೀಸನ್ನಿನ ಆರು ಆರ್ಡರಿನಲ್ಲಿ ಫೋನ್ ಮಾಡಿದ ದಿನಕ್ಕೂ ಮಾಲು ಇಳಿದ ದಿನಕ್ಕೂ ನಡುವಿನ ವ್ಯಾಪಾರದ ದಿನ ಎಣಿಸಿದೆ: 4, 5, 4, 8, 4, 5. ಸರಾಸರಿ 5. ಆ 8 ಹೇಗೆ ಬಂತು ಅಂದರೆ, ಆಗುಂಬೆ ಘಾಟಿಯಲ್ಲಿ ಭಾರಿ ವಾಹನಕ್ಕೆ ತಡೆ ಬಿದ್ದು ಲಾರಿ ಸುತ್ತಿ ಬಂದಿತ್ತು.

ಅತಿ ಸುಲಭದ ವಿಧಾನ ಹೀಗಿದೆ. ಅತಿ ಹೆಚ್ಚಿನ ದಿನದ ಮಾರಾಟವನ್ನು ಅತಿ ಹೆಚ್ಚಿನ ಲೀಡ್ ಟೈಮಿನಿಂದ ಗುಣಿಸು, ಅದರಿಂದ ಸರಾಸರಿ ಮಾರಾಟ ಗುಣಿಸು ಸರಾಸರಿ ಲೀಡ್ ಟೈಮನ್ನು ಕಳೆ. 40 ಗುಣಿಸು 8 ಅಂದರೆ 320. 24 ಗುಣಿಸು 5 ಅಂದರೆ 120. ಸೇಫ್ಟಿ ಸ್ಟಾಕ್ 200 ಕಿಲೋ, ರೀಆರ್ಡರ್ ಲೆವೆಲ್ 320. ಆ 200 ಕಿಲೋದಲ್ಲಿ 50,000 ರೂಪಾಯಿ ಕೂತಿರುತ್ತದೆ. ಇದು ಹೆದರಿದವನ ಲೆಕ್ಕ. ಲಾರಿ ಎಂಟು ದಿನ ಬರುವುದಿಲ್ಲ, ಆ ಎಂಟು ದಿನವೂ ದಿನಕ್ಕೆ 40 ಕಿಲೋ ಹೋಗುತ್ತದೆ ಎಂದು ನಂಬುತ್ತದೆ. ಎಂಟೂ ದಿನ ಹಾಗೆ ಮಾರಿದ್ದನ್ನು ಚಿಕ್ಕಪ್ಪ ಒಮ್ಮೆಯೂ ಕಂಡಿಲ್ಲ.

ಎರಡನೆಯದು ಪುಸ್ತಕದ ವಿಧಾನ. ಸರಾಸರಿಯಿಂದ ಅಂಕಿಗಳು ಸಾಮಾನ್ಯವಾಗಿ ಎಷ್ಟು ದೂರ ಸರಿಯುತ್ತವೆ ಎಂಬುದಕ್ಕೆ ಒಂದು ಅಳತೆ ಇದೆ, ಸ್ಟ್ಯಾಂಡರ್ಡ್ ಡೀವಿಯೇಶನ್. ಎಕ್ಸೆಲ್ ಹಾಳೆಯಲ್ಲಿ ಒಂದು ಸಾಲು ಬರೆದರೆ ಅದೇ ಲೆಕ್ಕ ಹಾಕಿಕೊಡುತ್ತದೆ. ಮಾರಾಟ ಬಿ ಕಾಲಮ್ಮಿನಲ್ಲಿ, ಲೀಡ್ ಟೈಮ್ ಸಿ ಕಾಲಮ್ಮಿನಲ್ಲಿದೆ ಅಂದುಕೊಳ್ಳಿ:

```
=STDEV.S(B2:B11)
=VAR.S(C2:C7)
=1.65*SQRT(5*8^2 + 24^2*2.4)
```

ಮೊದಲ ಸಾಲಿನ ಉತ್ತರ 8 ಕಿಲೋ, ದಿನದ ಮಾರಾಟದ ಏರಿಳಿತ. ಎರಡನೆಯದು 2.4, ಲೀಡ್ ಟೈಮಿನ ಏರಿಳಿತದ ವರ್ಗ. ಮೂರನೆಯ ಸಾಲು ಇವೆರಡನ್ನೂ ಸೇರಿಸುತ್ತದೆ. ಕಂಸದೊಳಗಿನ ಮೊದಲ ತುಂಡು ಗಿರಾಕಿಗಳ ಏರಿಳಿತ: ಐದು ದಿನ, ದಿನಕ್ಕೆ 8ರ ವರ್ಗ, ಒಟ್ಟು 320. ಎರಡನೆಯ ತುಂಡು ಲಾರಿಯ ಏರಿಳಿತ: 24ರ ವರ್ಗ ಗುಣಿಸು 2.4, ಸುಮಾರು 1,382. ಕೂಡಿದರೆ 1,702. ವರ್ಗಮೂಲ 41.3. ಅದನ್ನು 1.65ರಿಂದ ಗುಣಿಸಿದರೆ 68 ಕಿಲೋ. 120ಕ್ಕೆ ಸೇರಿಸಿದರೆ ರೀಆರ್ಡರ್ ಲೆವೆಲ್ 188.

ಉತ್ತರಕ್ಕಿಂತ ಆ ಎರಡು ತುಂಡುಗಳನ್ನು ಒಮ್ಮೆ ಪಕ್ಕಪಕ್ಕ ಇಟ್ಟು ನೋಡಿ. 320 ಎಲ್ಲಿ, 1,382 ಎಲ್ಲಿ! ನಮ್ಮ ಸೇಫ್ಟಿ ಸ್ಟಾಕಿನ ಬಹುಪಾಲು ಗಿರಾಕಿಗಾಗಿ ಅಲ್ಲ, ಲಾರಿಗಾಗಿ. ಲಾರಿ ಪ್ರತಿ ಸಲವೂ ಸರಿಯಾಗಿ ಐದನೇ ದಿನಕ್ಕೆ ಬಂದರೆ 68 ಕಿಲೋ ಬದಲು 30 ಕಿಲೋ ಸಾಕಾಗುತ್ತಿತ್ತು. ಇದು ಗೊತ್ತಾದ ಮೇಲೆ ಚಿಕ್ಕಪ್ಪ ಜೂನ್‌-ಜುಲೈಯಲ್ಲಿ ಶಿವಮೊಗ್ಗದ ಇನ್ನೊಬ್ಬ ಸಗಟು ವ್ಯಾಪಾರಿಯ ನಂಬರನ್ನೂ ಇಟ್ಟುಕೊಂಡರು. ಕಿಲೋಗೆ ಸ್ವಲ್ಪ ಜಾಸ್ತಿ ಕೊಡಬೇಕು. ಆದರೆ ಘಾಟಿ ಮುಚ್ಚಿದ ದಿನ ಅಲ್ಲಿಂದ ಎರಡು ಚೀಲ ತರಿಸಿದರೂ ಕೈ ತಪ್ಪುವುದಿಲ್ಲ.

ಆ 1.65 ಎಲ್ಲಿಂದ ಬಂತು? ಅದು ಶೇ. 95 ಭರವಸೆಗೆ ಹಾಕುವ ಅಂಕಿ. ಶೇ. 99 ಬೇಕಾದರೆ 2.33 ಹಾಕಬೇಕು, ಆಗ 68 ಕಿಲೋ ಹೋಗಿ 96 ಆಗುತ್ತದೆ. ಈ 95ನ್ನು ಬಹಳ ಜನ ತಪ್ಪು ಓದುತ್ತಾರೆ. ನೂರು ಗಿರಾಕಿಗಳಲ್ಲಿ ಐದು ಜನ ಬರಿಗೈಯಲ್ಲಿ ಹೋಗುತ್ತಾರೆ ಅಂತಲ್ಲ. ಇಪ್ಪತ್ತು ಸಲ ಆರ್ಡರ್ ಮಾಡಿದರೆ ಹತ್ತೊಂಬತ್ತು ಸಲ ಲಾರಿ ಬರುವ ತನಕ ಮಾಲು ಉಳಿದಿರುತ್ತದೆ, ಒಂದು ಸಲ ಮೊದಲೇ ಮುಗಿಯುತ್ತದೆ. ನಮ್ಮಲ್ಲಿ ಸೀಸನ್ನಿಗೆ ಆರು ಆರ್ಡರ್. ಹಾಗಾದರೆ ಮೂರು ಮಳೆಗಾಲಕ್ಕೆ ಒಮ್ಮೆ ಅಂಗಡಿ ಖಾಲಿ. ಹೀಗೆ ಹೇಳಿದಾಗ ಮಾತ್ರ ಚಿಕ್ಕಪ್ಪನಿಗೆ ಅರ್ಥವಾಯಿತು. ಶೇಕಡಾ ಲೆಕ್ಕ ಹೇಳಿದಾಗ ಸುಮ್ನೆ ತಲೆಯಾಡಿಸಿದ್ದರು.

ಈ ಸೂತ್ರಕ್ಕೆ ಮಲೆನಾಡಿನಲ್ಲಿ ಇನ್ನೊಂದು ತೊಡಕಿದೆ, ಇದು ಪುಸ್ತಕದಲ್ಲಿ ಚಿಕ್ಕ ಅಕ್ಷರದಲ್ಲಿ ಇರುತ್ತದೆ. ಸೂತ್ರವು ಒಂದು ದಿನದ ಮಾರಾಟಕ್ಕೂ ಮರುದಿನದ ಮಾರಾಟಕ್ಕೂ ಸಂಬಂಧ ಇಲ್ಲ ಎಂದು ನಂಬುತ್ತದೆ. ಹೆಚ್ಚು ಹೋದ ದಿನವನ್ನು ಕಡಿಮೆ ಹೋದ ದಿನ ಸರಿದೂಗಿಸುತ್ತದೆ ಅನ್ನುವ ಲೆಕ್ಕ. ಆ ಹತ್ತು ದಿನವನ್ನು ಮತ್ತೆ ನೋಡಿ. 20, 12, 16: ಮೂರು ದಿನ ಜಡಿಮಳೆ, ಯಾರೂ ಔಷಧಿ ಹೊಡೆಯುವ ಹಾಗಿಲ್ಲ. ನಾಲ್ಕನೇ ದಿನ ಹೊಳವಾಯಿತು. 40, 32, 28: ಮಳೆ ಬಿಟ್ಟಿತು ಅಂತ ಎಲ್ಲರೂ ಒಟ್ಟಿಗೆ ಬಂದರು. ಹೆಚ್ಚಿನ ದಿನಗಳು ಒಂದರ ಬಾಲ ಒಂದು ಹಿಡಿದು ಬರುತ್ತವೆ. ಇಂಥ ಕಡೆ ಸೂತ್ರ ಹೇಳುವ 68 ಕಿಲೋ ಕಡಿಮೆ ಬೀಳುತ್ತದೆ. ಜೊತೆಗೆ ಸ್ಟ್ಯಾಂಡರ್ಡ್ ಡೀವಿಯೇಶನ್ನಿಗೆ ಹತ್ತು ದಿನ, ಲಾರಿಗೆ ಆರು ಆರ್ಡರ್ ಅಂದರೆ ಬಹಳ ಕಡಿಮೆ ಅಂಕಿ. ಆ ಒಂದು 8 ದಿನದ ತಡ ಇಲ್ಲದಿದ್ದರೆ ಉತ್ತರವೇ ಬೇರೆ ಇರುತ್ತಿತ್ತು.

ಹಾಗಾದರೆ 68 ಕಡಿಮೆ, 200 ಜಾಸ್ತಿ. ನಡುವೆ ಎಲ್ಲಿ? ಇಲ್ಲಿ ನಾನು ಸೂತ್ರ ಬಿಟ್ಟು ಮಾರಾಟದ ಪುಸ್ತಕವನ್ನೇ ಕೇಳಿದೆ. ಇಡೀ ಸೀಸನ್ನಿನಲ್ಲಿ ಸತತ ಎಂಟು ದಿನ ಮಾರಿದ್ದು ಅತಿ ಹೆಚ್ಚು ಅಂದರೆ ಎಷ್ಟು? ಎಂಟು ಯಾಕೆಂದರೆ ಲಾರಿಯ ಅತಿ ಕೆಟ್ಟ ತಡ ಅಷ್ಟು. ಮೊದಲ ದಿನದಿಂದ ಎಂಟನೆಯದರ ತನಕ ಕೂಡಿಸು, ಆಮೇಲೆ ಎರಡರಿಂದ ಒಂಬತ್ತು, ಮೂರರಿಂದ ಹತ್ತು, ಹೀಗೆ ಒಂದೊಂದೇ ದಿನ ಸರಿಯುತ್ತಾ ಹೋಗು. ಮೇಲಿನ ಹತ್ತು ದಿನದಲ್ಲಿ ಅತಿ ದೊಡ್ಡ ಎಂಟು ದಿನದ ಮೊತ್ತ 208, ಅದು ಮೂರರಿಂದ ಹತ್ತನೇ ದಿನದ್ದು. ಇಡೀ 75 ದಿನಕ್ಕೆ ನೋಡಿದಾಗ ಜುಲೈಯಲ್ಲೊಂದು ಕಡೆ 236 ಸಿಕ್ಕಿತು. ಹಾಗಾದರೆ 236 ಕಿಲೋ ಇರುವಾಗ ಫೋನ್ ಮಾಡಿದರೆ ಕಂಡ ಅತಿ ಕೆಟ್ಟ ಎಂಟು ದಿನವನ್ನೂ ದಾಟಬಹುದು. ಮಾಲು ಬರುವುದು 25 ಕಿಲೋ ಚೀಲದಲ್ಲಿ. 236ನ್ನು ಮೇಲಕ್ಕೆ ಏರಿಸಿ ಹತ್ತು ಚೀಲ, 250 ಕಿಲೋ. ಸರಾಸರಿ ಬಳಕೆಯ 120 ಕಳೆದರೆ ಸೇಫ್ಟಿ ಸ್ಟಾಕ್ 130 ಕಿಲೋ, 32,500 ರೂಪಾಯಿ.

ಹತ್ತು ಚೀಲ ಅನ್ನುವುದರಲ್ಲಿ ಇನ್ನೊಂದು ಅನುಕೂಲ ಉಂಟು. ಯಾರೂ ತೂಕ ಮಾಡಬೇಕಿಲ್ಲ. ಐದೈದರ ಎರಡು ಸಾಲು ಜೋಡಿಸಿ, ಅದರ ಮೇಲೆ ಗೋಡೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದಾರೆ. ಗೆರೆ ಕಂಡ ದಿನ ಫೋನ್. ಅಂಗಡಿಯ ಹುಡುಗನೂ ನೋಡಿ ಹೇಳಬಲ್ಲ.

ಹುಡುಗ ಹೇಳಿದ ಅಂತಲೇ ಹೋದ ವರ್ಷ ಇನ್ನೊಂದು ಎಡವಟ್ಟಾಯಿತು. ಸೋಮವಾರ ಗೆರೆ ಕಂಡಿತು, ಚಿಕ್ಕಪ್ಪ 300 ಕಿಲೋ ಹೇಳಿದರು. ಬುಧವಾರ ಅವರು ಮದುವೆಗೆ ಹೋಗಿದ್ದಾಗ ಹುಡುಗ ಗೆರೆ ಕಂಡು ಚಿಕ್ಕಮ್ಮನಿಗೆ ಹೇಳಿದ, ಚಿಕ್ಕಮ್ಮ ಮತ್ತೆ 300 ಹೇಳಿದರು. ಗೆರೆಗೆ ಹೋಲಿಸಬೇಕಾದದ್ದು ಗೋಡೌನಿನಲ್ಲಿ ಇರುವುದನ್ನು ಮಾತ್ರ ಅಲ್ಲ. ದಾರಿಯಲ್ಲಿರುವ ಮಾಲನ್ನೂ ಸೇರಿಸಬೇಕು. ಬುಧವಾರ ಕೈಯಲ್ಲಿ 200 ಇದ್ದರೂ, ದಾರಿಯಲ್ಲಿ 300 ಇದ್ದಿದ್ದರಿಂದ ಲೆಕ್ಕಕ್ಕೆ 500 ಇತ್ತು. ಈಗ ಆರ್ಡರ್ ಮಾಡಿದ ಕೂಡಲೇ ಗೆರೆಯ ಪಕ್ಕ ತಾರೀಖು ಬರೆಯುತ್ತಾರೆ, ಲಾರಿ ಇಳಿದ ಮೇಲೆ ಅಳಿಸುತ್ತಾರೆ. ತಾರೀಖು ಇದ್ದರೆ ಫೋನ್ ಇಲ್ಲ.

ನನ್ನ 236ರ ಮೇಲೆ ನನಗೇ ಒಂದು ಅನುಮಾನ ಇದೆ, ಅದನ್ನೂ ಹೇಳಿಬಿಡುತ್ತೇನೆ. ಮಾರಾಟದ ಪುಸ್ತಕ ಮಾರಿದ್ದನ್ನು ಮಾತ್ರ ಬರೆಯುತ್ತದೆ, ಕೇಳಿದ್ದನ್ನಲ್ಲ. ಅಂಗಡಿ ಖಾಲಿ ಇದ್ದ ದಿನ ಮಾರಾಟ ಸೊನ್ನೆ. ಅದನ್ನು ಹಾಗೇ ಸರಾಸರಿಗೆ ಸೇರಿಸಿದರೆ, ಮಾಲು ಇಲ್ಲದ್ದಕ್ಕೇ ಬೇಡಿಕೆ ಕಡಿಮೆ ಅನಿಸುತ್ತದೆ. ಬೇಡಿಕೆ ಕಡಿಮೆ ಅಂತ ರೀಆರ್ಡರ್ ಲೆವೆಲ್ ಇಳಿಸುತ್ತೇವೆ, ಮುಂದಿನ ವರ್ಷ ಇನ್ನೂ ಬೇಗ ಖಾಲಿಯಾಗುತ್ತದೆ. ಸ್ಟಾಕ್ ಇಲ್ಲದ ದಿನಗಳನ್ನು ಸರಾಸರಿಯಿಂದ ತೆಗೆದುಹಾಕಬೇಕು. ಈಗ ಗಲ್ಲಾ ಪಕ್ಕ ಒಂದು ಸಣ್ಣ ಪುಸ್ತಕ ಇದೆ. ಯಾರಾದರೂ ಕೇಳಿ 'ಇಲ್ಲ' ಎಂದು ಕಳಿಸಿದರೆ ಸಾಮಾನು, ಎಷ್ಟು ಎಂದು ಅದರಲ್ಲಿ ಬರೆಯುವುದು. ಚಿಕ್ಕಮ್ಮ ಅದಕ್ಕೆ 'ಇಲ್ಲದ ಪುಸ್ತಕ' ಅಂತ ಹೆಸರಿಟ್ಟಿದ್ದಾರೆ.

ಸುಣ್ಣಕ್ಕೂ ಇದೇ ಲೆಕ್ಕ ಹಾಕಿದರೆ ಆಗಲ್ವಾ ಅಂದರೆ, ಅರ್ಧ ಆಗುತ್ತದೆ. ಮೈಲುತುತ್ತ ಒಣಗಿದ ಜಾಗದಲ್ಲಿ ಚೀಲ ಕಟ್ಟಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತದೆ. ಸುಟ್ಟ ಸುಣ್ಣ ಹಾಗಲ್ಲ. ನಮ್ಮ ಮಳೆಗಾಲದ ಗಾಳಿಯ ತೇವ ಹೀರಿ ತಾನೇ ಅರಳಿ ಪುಡಿಯಾಗುತ್ತದೆ, ಬರಬರುತ್ತಾ ಸತ್ವ ಕಳೆದುಕೊಳ್ಳುತ್ತದೆ. ಅಂಥ ಸುಣ್ಣವನ್ನು ಕಿಲೋಗೆ ಕಿಲೋ ಹಾಕಿದರೆ ದ್ರಾವಣದಲ್ಲಿ ಮೈಲುತುತ್ತದ ತಾಮ್ರ ಬಿಡಿಯಾಗಿ ಉಳಿದು ಎಳೆಗಾಯಿಯನ್ನೂ ಸೋಗೆಯನ್ನೂ ಸುಡುತ್ತದೆ. ತೋಟದವರಿಗೆ ಇದನ್ನು ಕಂಡುಹಿಡಿಯುವುದು ಗೊತ್ತು: ಉಜ್ಜಿದ ಕತ್ತಿಯನ್ನು ದ್ರಾವಣದಲ್ಲಿ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪು ಲೇಪ ಕಂಡರೆ ಸುಣ್ಣ ಸಾಲದು. ಹಾಗೆ ಕಂಡವರು ನೇರ ಅಂಗಡಿಗೇ ಬರುತ್ತಾರೆ. ಆದ್ದರಿಂದ ಸುಣ್ಣಕ್ಕೆ ಸೇಫ್ಟಿ ಸ್ಟಾಕ್ ದೊಡ್ಡದಿಡುವ ಬದಲು ಸ್ವಲ್ಪ ಸ್ವಲ್ಪವೇ, ಹೆಚ್ಚು ಸಲ ತರಿಸುವುದು. ಕಿಲೋಗೆ 20 ರೂಪಾಯಿ, ಇಟ್ಟರೆ ಏನು ಮಹಾ ಎಂದು ದುಡ್ಡಿನ ಲೆಕ್ಕ ಹೇಳುತ್ತದೆ. ಹಾಳಾಗುವ ಸಾಮಾನಿಗೆ ಆ ಲೆಕ್ಕ ನಡೆಯುವುದಿಲ್ಲ.

ಕೊನೆಯದಾಗಿ ಆ ಸೀಮೆಸುಣ್ಣದ ಗೆರೆಯ ಆಯಸ್ಸು. ಮೇ ತಿಂಗಳ ನಡುವೆಯೇ ಅದನ್ನು ಎಳೆಯಬೇಕು, ಮಾರಾಟ ಏರಿದ ಮೇಲೆ ಎಳೆದರೆ ತಡವಾಯಿತು. ಹಾಗೇ ಆಗಸ್ಟಿನಲ್ಲಿ ಅಳಿಸಲೂ ಬೇಕು. ಆಗಸ್ಟ್ 25ಕ್ಕೆ ಹತ್ತು ಚೀಲ ಕಂಡಿತು ಅಂತ ಅಭ್ಯಾಸಬಲದಿಂದ ಫೋನ್ ಮಾಡಿದರೆ ಏನಾಗುತ್ತದೆ ನೋಡಿ. ಐದು ದಿನದಲ್ಲಿ 120 ಮಾರಿ 130 ಉಳಿಯುತ್ತದೆ, ಹೊಸ 300 ಬಂದು ಇಳಿಯುತ್ತದೆ, ಒಟ್ಟು 430 ಕಿಲೋ. ಸೆಪ್ಟೆಂಬರಿನಿಂದ ಮಾರಾಟ ದಿನಕ್ಕೆ 2.67. ಅದು ಮುಗಿಯೋಕೆ 160 ವ್ಯಾಪಾರದ ದಿನ ಬೇಕು, ಅಲ್ಲಿಯ ತನಕ ಒಂದು ಲಕ್ಷದ ಏಳೂವರೆ ಸಾವಿರ ರೂಪಾಯಿ ನೀಲಿ ಹರಳಾಗಿ ಮೂಲೆಯಲ್ಲಿ ಕೂತಿರುತ್ತದೆ. ಹಾಗಾಗಿ ಆಗಸ್ಟ್ 10ರ ಮೇಲೆ ಗೆರೆ ನೋಡುವುದಿಲ್ಲ. ಸೀಸನ್ ಮುಗಿಯೋಕೆ ಎಷ್ಟು ದಿನ ಉಳಿದಿದೆ, ಅಷ್ಟು ದಿನಕ್ಕೆ ಎಷ್ಟು ಬೇಕು ಎಂದು ಎಣಿಸಿ, ಕಡಿಮೆ ಬಿದ್ದಷ್ಟನ್ನು ಮಾತ್ರ ತರಿಸುತ್ತಾರೆ. ಈ ಸಲ ಅದು ಮೂರೇ ಚೀಲ ಆಯಿತು, ಶಿವಮೊಗ್ಗದಿಂದಲೇ ಬಂತು.